‘ಮುಂಬೈ ಪೂರಾ ನನಗೇ ಕೊಡಿ’ ಅಂದವರಿಗೆ ಏನು ಹೇಳೋದು?

ಒಂದು ಉದಾಹರಣೆ ಇಟ್ಟುಕೊಳ್ಳೋಣ. ವಿಜಯಪುರದ ಕಡೆಯ ಗಂಡ-ಹೆಂಡತಿ ಪುಣೆಯ ಧಾಯರಿಯಲ್ಲಿ ಚಟ್ನಿಪುಡಿ ಮಾಡುತ್ತಾರೆ. ಶೇಂಗಾ, ಗುರೆಳ್ಳು, ಅಗಸಿ, ಹೀಗೆ ನಾಲ್ಕೈದು ಬಗೆ, ಎಲ್ಲವೂ 200 ಗ್ರಾಮಿನ ಪೌಚ್. ಪುಣೆಯಲ್ಲಿ ವ್ಯಾಪಾರ ಕುದುರಿದೆ. ಮುಂಬೈಯಲ್ಲಿ ಮಾಟುಂಗಾದ ಹದಿನಾಲ್ಕು ಅಂಗಡಿಗಳಿಗೆ ಅವರೇ ಪಾರ್ಸೆಲ್ ಕಳಿಸುತ್ತಾರೆ. ಒಂದು ಆನ್‌ಲೈನ್ ತಾಣದಲ್ಲೂ ಮಾಲು ಇದೆ. ಹೀಗಿರುವಾಗ ಮುಲುಂಡ್‌ನ ಒಬ್ಬ ಡಿಸ್ಟ್ರಿಬ್ಯೂಟರ್ ಫೋನ್ ಮಾಡುತ್ತಾರೆ. ಕುಂದಾಪುರದ ಕಡೆಯವರು, ಮಾತು ಚೆನ್ನಾಗಿ ಬಲ್ಲವರು. “ಅಕ್ಕಾ, ಮುಂಬೈ, ಥಾಣೆ, ನವಿ ಮುಂಬೈ ಪೂರಾ ನನಗೆ ಕೊಡಿ ಮಾರಾಯ್ರೆ. ಮೂರು ವರ್ಷದ ಎಗ್ರಿಮೆಂಟ್ ಮಾಡುವ. ತಿಂಗಳಿಗೆ ಮೂರು ಲಕ್ಷದ ಮಾಲು ನಾನೇ ಎತ್ತುತ್ತೇನೆ. ಬೇರೆ ಯಾರಿಗೂ ಕೊಡಬಾರದು, ಅಷ್ಟೇ.”

ಪರ ಊರಿನಲ್ಲಿ ನಮ್ಮ ಭಾಷೆಯವರು ಸಿಕ್ಕಾಗ ‘ಇಲ್ಲ’ ಅನ್ನೋದು ಇನ್ನೂ ಕಷ್ಟ. ಹಾಗಂತ ಮೂರು ವರ್ಷಕ್ಕೆ ಒಂದು ಮಹಾನಗರವನ್ನೇ ಒಬ್ಬರ ಕೈಗೆ ಬರೆದುಕೊಟ್ಟು ಕೂರುವುದೂ ಆಗುವುದಿಲ್ಲ. ಇವರಿಗೆ ಏಕೈಕ ಹಕ್ಕು ಕೊಡದೆ, ಇವರನ್ನು ಕಳೆದುಕೊಳ್ಳದೆ ಇರುವ ದಾರಿ ಇದೆ. ಅದಕ್ಕೆ ಮೊದಲು ಅವರ ಮಾತನ್ನು ಬಿಡಿಸಿ ನೋಡಬೇಕು.

ಮೂರು ಲಕ್ಷ ಎಲ್ಲಿಂದ ಬರುತ್ತದೆ?

ಆ ಮೂರು ಲಕ್ಷದ ಮಾತನ್ನು ಪೌಚ್ ಮತ್ತು ಅಂಗಡಿಗಳ ಲೆಕ್ಕಕ್ಕೆ ಇಳಿಸಿ. ಜಿಎಸ್‌ಟಿ ಬಿಟ್ಟು, ಡಿಸ್ಟ್ರಿಬ್ಯೂಟರಿಗೆ ಒಂದು ಪೌಚ್ 72 ರೂಪಾಯಿಗೆ ಹೋಗುತ್ತದೆ, ಅವರು ಅಂಗಡಿಗೆ 80ಕ್ಕೆ ಹಾಕುತ್ತಾರೆ ಅಂತಿಟ್ಟುಕೊಳ್ಳಿ. ಮೂರು ಲಕ್ಷ ಅಂದರೆ ತಿಂಗಳಿಗೆ ಸುಮಾರು 4,170 ಪೌಚ್. ಸಾಮಾನ್ಯ ಕಿರಾಣಿ ಅಂಗಡಿಯಲ್ಲಿ ಎಲ್ಲ ಬಗೆ ಸೇರಿ ತಿಂಗಳಿಗೆ ಒಂದು ಡಜನ್ ಹೋದರೆ, ಸುಮಾರು 350 ಅಂಗಡಿ ಬೇಕು. ಬರೀ ಹೆಸರಿಗೆ ಇರುವ ಅಂಗಡಿಗಳಲ್ಲ, ತಿಂಗಳು ತಿಂಗಳೂ ಮಾಲು ತೆಗೆದುಕೊಳ್ಳುವ 350 ಅಂಗಡಿಗಳು.

ಈಗ ಅವರನ್ನೇ ಕೇಳಿ: “ಅಣ್ಣಾ, ನಿಮ್ಮ ಹತ್ತಿರ ಸೇಲ್ಸ್‌ಮನ್ ಎಷ್ಟು ಜನ? ಬೀಟ್ ಯಾವ್ಯಾವುದು?” ಇಬ್ಬರು ಅಂದರು ಅಂತಿಟ್ಟುಕೊಳ್ಳಿ, ಬೀಟ್ ಅಂದರೆ ಅವರು ಸುತ್ತುವ ದಾರಿ ಮುಲುಂಡ್‌ನಿಂದ ಥಾಣೆ, ಡೊಂಬಿವಲಿವರೆಗೆ. ಒಬ್ಬ ಸೇಲ್ಸ್‌ಮನ್ ದಿನಕ್ಕೆ ಮೂವತ್ತು-ಮೂವತ್ತೈದು ಅಂಗಡಿ ಸುತ್ತಬಹುದು. ವಾರಕ್ಕೊಮ್ಮೆ ಒಂದೊಂದು ಅಂಗಡಿಗೆ ಹೋದರೆ ಇಬ್ಬರಿಂದ ಸುಮಾರು 400 ಅಂಗಡಿ. ಹೊಸ ಹೆಸರಿನ ಚಟ್ನಿಪುಡಿಯನ್ನು ಎಲ್ಲರೂ ಇಟ್ಟುಕೊಳ್ಳುವುದಿಲ್ಲ. ಮೂರರಲ್ಲಿ ಒಂದು, ತುಂಬ ಚೆನ್ನಾಗಿ ನಡೆದರೆ 150 ಅಂಗಡಿ. ಅಲ್ಲಿಗೆ ತಿಂಗಳಿಗೆ 1,800 ಪೌಚ್, ಸುಮಾರು 1.3 ಲಕ್ಷ.

ಅಂದರೆ ಅವರು ಕೇಳುತ್ತಿರುವ ಜಾಗ ದೊಡ್ಡದು, ಅವರ ಕಾಲು ಓಡಾಡುವ ಜಾಗ ಸಣ್ಣದು. ಬೋರಿವಲಿ, ಅಂಧೇರಿ, ಚೆಂಬೂರು, ವಾಶಿ ಇವೆಲ್ಲ ಅವರ ಕಾಗದದಲ್ಲಿ ಇರುತ್ತವೆ, ಟೆಂಪೋ ಅಲ್ಲಿಗೆ ಹೋಗುವುದಿಲ್ಲ. ನೀವು ಸಹಿ ಹಾಕಿದ ಮೇಲೆ ಬೋರಿವಲಿಯ ಒಬ್ಬರು ನಿಮ್ಮ ಮಾಲು ಕೇಳಿಕೊಂಡು ಬಂದರೂ ನೀವು ಕೊಡುವ ಹಾಗಿಲ್ಲ. ಮೂರು ಲಕ್ಷ ಅಂದವರು ಸುಳ್ಳು ಹೇಳಿದರು ಅಂತ ಇದರ ಅರ್ಥ ಅಲ್ಲ. ಬಹಳ ಸಲ ಅವರು ಲೆಕ್ಕ ಹಾಕಿಯೇ ಇರುವುದಿಲ್ಲ.

ಇನ್ನೊಂದು ಅಪಾಯ ಇದೆ, ಅದು ಬೇಗ ಕಣ್ಣಿಗೆ ಬೀಳುವುದಿಲ್ಲ. ಕೆಲವರು ಒಪ್ಪಂದ ಉಳಿಸಿಕೊಳ್ಳಲು ನಿಜವಾಗಿಯೂ ಮೂರು ಲಕ್ಷದ ಮಾಲು ಎತ್ತುತ್ತಾರೆ. ಒಂದೆರಡು ತಿಂಗಳು ನಿಮಗೂ ಖುಷಿ. ಆದರೆ ಮಾಲು ಗೋಡೌನಿನಲ್ಲೇ ಕೂತಿರುತ್ತದೆ. ಚಟ್ನಿಪುಡಿಗೆ ನಾಲ್ಕು ತಿಂಗಳ ಆಯುಸ್ಸು ಅಂತ ಪೌಚ್ ಮೇಲೆ ಹಾಕಿದ್ದರೆ, ಮೂರನೇ ತಿಂಗಳ ಕೊನೆಗೆ ಫೋನ್ ಬರುತ್ತದೆ: ಎಕ್ಸ್‌ಪೈರಿ ಹತ್ತಿರ ಬಂತು, ವಾಪಸ್ ತಗೊಳ್ಳಿ. ಅದಕ್ಕೇ ನೀವು ಅವರಿಗೆ ಎಷ್ಟು ಬಿಲ್ ಮಾಡಿದಿರಿ ಅನ್ನುವುದಕ್ಕಿಂತ ಅವರು ಅಂಗಡಿಗಳಿಗೆ ಎಷ್ಟು ಬಿಲ್ ಮಾಡಿದರು ಅನ್ನೋದು ಮುಖ್ಯ. ಕೊನೆಯ 60 ದಿನದಲ್ಲಿ ಬಿಲ್ ಆದ ಅಂಗಡಿಗಳ ಪಟ್ಟಿ ತಿಂಗಳಿಗೊಮ್ಮೆ ನಿಮ್ಮ ಕೈಗೆ ಬರಬೇಕು. ಈ ಒಂದು ಪಟ್ಟಿಯ ಮೇಲೆಯೇ ಮುಂದೆ ಹೇಳುವ ಎಲ್ಲವೂ ನಿಂತಿದೆ. ಕೊಡಲು ಹಿಂದೆಮುಂದೆ ನೋಡಿದರೆ, ಅಲ್ಲಿಗೇ ಅರ್ಧ ಉತ್ತರ ಸಿಕ್ಕಂತೆ.

ಅವರಿಗೆ ನಿಜವಾಗಿ ಬೇಕಿರೋದು ಏನು?

ಈಗ ಅವರ ಕಡೆ ಕೂತು ನೋಡೋಣ. ಒಂದು ಪೌಚಿಗೆ 8 ರೂಪಾಯಿ ಮಾರ್ಜಿನ್, ತಿಂಗಳಿಗೆ ಡಜನ್ ಪೌಚ್. ಒಂದು ಅಂಗಡಿಯಿಂದ ಅವರಿಗೆ ಸಿಗುವುದು 96 ರೂಪಾಯಿ. ಸೇಲ್ಸ್‌ಮನ್ ಸಂಬಳದಲ್ಲಿ, ಟೆಂಪೋ ಬಾಡಿಗೆಯಲ್ಲಿ ನಿಮ್ಮ ಮಾಲಿನ ಪಾಲು ತಿಂಗಳಿಗೆ 6,500 ಅಂತ ಹಿಡಿದರೆ, ಸುಮಾರು 70 ಅಂಗಡಿ ಆಗುವವರೆಗೆ ಅವರು ಕೈಯಿಂದ ಹಾಕುತ್ತಿರುತ್ತಾರೆ. ಮೇಲೆ ಅಂಗಡಿಯವರಿಗೆ ಎರಡು-ಮೂರು ವಾರದ ಉದ್ರಿ. 150 ಅಂಗಡಿ ಆದಾಗ ಗೋಡೌನಿನ ಮಾಲು ಮತ್ತು ಮಾರುಕಟ್ಟೆಯ ಉದ್ರಿ ಸೇರಿ ಒಂದೂವರೆ ಲಕ್ಷಕ್ಕೂ ಜಾಸ್ತಿ ಹಣ ಸಿಕ್ಕಿಕೊಂಡಿರುತ್ತದೆ.

ಇಷ್ಟೆಲ್ಲ ಮಾಡಿ ಎಂಟನೇ ತಿಂಗಳಿಗೆ ಕಂಪನಿಯವರು ಪಕ್ಕದ ರಸ್ತೆಯ ಇನ್ನೊಬ್ಬರಿಗೆ ಮಾಲು ಕೊಟ್ಟರೆ? ಆ ಇನ್ನೊಬ್ಬರು ಅದೇ ಅಂಗಡಿಗೆ ಹೋಗಿ ಒಂದು ರೂಪಾಯಿ ಕಡಿಮೆಗೆ ಹಾಕಿದರೆ? ಅಥವಾ ಅಂಗಡಿಗಳು ಸಾಲಾಗಿ ನಿಂತ ಮೇಲೆ ಕಂಪನಿಯವರೇ ನೇರ ಸಪ್ಲೈ ಶುರು ಮಾಡಿದರೆ? ಈ ಭಯ ಸುಮ್ನೆ ಹುಟ್ಟಿದ್ದಲ್ಲ. ಈ ವ್ಯವಹಾರದಲ್ಲಿರುವ ಎಲ್ಲರೂ ಇದನ್ನು ಎಲ್ಲೋ ಒಂದು ಕಡೆ ಕಂಡಿರುತ್ತಾರೆ.

ಹಾಗಾಗಿ ‘ಪೂರಾ ನನಗೇ’ ಅನ್ನುವ ಮಾತಿನೊಳಗೆ ಇರುವುದು ಮೂರು ಬೇಡಿಕೆ. ನಾನು ತೆರೆದ ಅಂಗಡಿ ನನ್ನ ಕೈತಪ್ಪಬಾರದು. ನನಗಿಂತ ಕಡಿಮೆ ದರಕ್ಕೆ ನನ್ನ ಜಾಗದಲ್ಲಿ ಮಾಲು ಬರಬಾರದು. ನನ್ನನ್ನು ಏಕಾಏಕಿ ಬಿಡಬಾರದು. ಮೂರೂ ನ್ಯಾಯವಾದ ಬೇಡಿಕೆಗಳೇ. ಮೂರಕ್ಕೂ ಬೇರೆ ಬೇರೆಯಾಗಿ ಉತ್ತರ ಕೊಡಬಹುದು, ಮುಂಬೈ ಪೂರಾ ಕೊಡಬೇಕಾಗಿಲ್ಲ.

ನನ್ನ ಅನುಭವದಲ್ಲಿ ಮಾತುಕತೆ ಕೆಡುವುದು ಇಲ್ಲೇ. ಮಾಲು ಮಾಡುವವರು ‘ಆಗಲ್ಲ’ ಅಂದು ಸುಮ್ಮನಾಗುತ್ತಾರೆ. ಡಿಸ್ಟ್ರಿಬ್ಯೂಟರಿಗೆ ಕೇಳಿಸುವುದು ‘ನಿಮ್ಮ ಕೆಲಸ ಆದ ಮೇಲೆ ನಿಮ್ಮನ್ನು ಬಿಡುತ್ತೇವೆ’ ಅಂತ.

ಅಂಗಡಿ ಪಟ್ಟಿಯ ರಕ್ಷಣೆ

ಮೊದಲನೇ ಭಯಕ್ಕೆ ಉತ್ತರ ಅಂಗಡಿ ಪಟ್ಟಿ. ಅವರು ತೆರೆದ, ಕೊನೆಯ 60 ದಿನದಲ್ಲಿ ಕನಿಷ್ಠ ಒಂದು ಬಿಲ್ ಆದ ಅಂಗಡಿ ಅವರದು. ಅಲ್ಲಿಗೆ ನೀವು ನೇರವಾಗಿ ಕೊಡುವುದಿಲ್ಲ, ಬೇರೆ ಡಿಸ್ಟ್ರಿಬ್ಯೂಟರ್ ಮೂಲಕವೂ ಕೊಡುವುದಿಲ್ಲ. 60 ದಿನ ಬಿಲ್ ಆಗದಿದ್ದರೆ ಆ ಅಂಗಡಿ ಪಟ್ಟಿಯಿಂದ ಹೊರಗೆ. ಬೇಕಿದ್ದರೆ ಮತ್ತೆ ಬಿಲ್ ಮಾಡಿ ಒಳಗೆ ತರಲಿ, ತಕರಾರಿಲ್ಲ.

ಇದರಲ್ಲಿ ಒಂದು ಅನುಕೂಲ ಇದೆ. ಅವರು ದುಡಿದಷ್ಟು ಅವರ ಜಾಗ ಬೆಳೆಯುತ್ತದೆ. 40 ಅಂಗಡಿ ತೆರೆದವರಿಗೆ 40ರ ರಕ್ಷಣೆ, 200 ತೆರೆದವರಿಗೆ 200ರ ರಕ್ಷಣೆ. ಬರೀ ನಕ್ಷೆ ಹಿಡಿದುಕೊಂಡು ಕೂತವರಿಗೆ ಏನೂ ಇಲ್ಲ. ಮಾಟುಂಗಾದ ನಿಮ್ಮ ಹದಿನಾಲ್ಕು ಅಂಗಡಿಗಳನ್ನು ಶುರುವಿನಲ್ಲೇ ಹೆಸರು ಸಮೇತ ಬರೆದು ಪಕ್ಕಕ್ಕೆ ಇಡಿ. ಅವು ಇವರಿಗಿಂತ ಮುಂಚೆ ನಿಮ್ಮ ಗಿರಾಕಿಗಳು. ಆಮೇಲೆ ಹೇಳಿದರೆ ಜಗಳ.

ಪಟ್ಟಿಯ ಜೊತೆಗೆ ಒಂದು ಸಣ್ಣ ಪ್ರದೇಶವನ್ನೂ ಸ್ವಲ್ಪ ಕಾಲ ಕೊಡಬಹುದು. ಮುಲುಂಡ್, ಥಾಣೆ, ಡೊಂಬಿವಲಿಯ ಇಂತಿಂಥ ಪಿನ್‌ಕೋಡ್‌ಗಳಲ್ಲಿ ಆರು ತಿಂಗಳು ಕಿರಾಣಿ ಅಂಗಡಿಗಳಿಗೆ ಇನ್ನೊಬ್ಬ ಡಿಸ್ಟ್ರಿಬ್ಯೂಟರನ್ನು ನೇಮಿಸುವುದಿಲ್ಲ, ಅಂತ. ಊರಿನ ಹೆಸರು ಬರೆಯಬೇಡಿ, ಪಿನ್‌ಕೋಡ್ ಬರೆಯಿರಿ. ‘ಥಾಣೆ’ ಅಂದರೆ ಊರೋ, ಜಿಲ್ಲೆಯೋ? ಜಿಲ್ಲೆ ಅಂದರೆ ಕಲ್ಯಾಣ, ಭಿವಂಡಿ, ಮೀರಾ ರೋಡ್ ಎಲ್ಲ ಒಳಗೆ ಬಂತು. ನವಿ ಮುಂಬೈಯ ವಾಶಿ ಕೂಡ ಥಾಣೆ ಜಿಲ್ಲೆಯಲ್ಲೇ ಇದೆ.

‘ಕಿರಾಣಿ ಅಂಗಡಿಗಳಿಗೆ’ ಅನ್ನುವ ಮಾತೂ ಅಷ್ಟೇ ಮುಖ್ಯ. ಉಡುಪಿ ಹೋಟೆಲುಗಳಿಗೆ ಹೋಗುವ ದೊಡ್ಡ ಪ್ಯಾಕ್, ಆನ್‌ಲೈನ್ ತಾಣ, ದೊಡ್ಡ ಸೂಪರ್ ಮಾರ್ಕೆಟ್ ಸರಪಳಿ, ಕನ್ನಡ ಸಂಘಗಳ ಕಾರ್ಯಕ್ರಮದಲ್ಲಿ ಹಾಕುವ ಸ್ಟಾಲ್, ಇವು ಬೇರೆ ಬೇರೆ ದಾರಿಗಳು. ಕಿರಾಣಿ ಬೀಟ್ ಓಡಿಸುವವರು ಹೋಟೆಲ್ ಅಡುಗೆಮನೆಗೆ ಹೋಗುವುದು ಕಡಿಮೆ. ಸೂಪರ್ ಮಾರ್ಕೆಟ್ ಸರಪಳಿಗಳು ಹಲವು ಸಲ ಕಂಪನಿಯ ಜೊತೆಗೇ ನೇರವಾಗಿ ವ್ಯವಹಾರ ಮಾಡಲು ಬಯಸುತ್ತವೆ. ಇವನ್ನೆಲ್ಲ ಕೊಟ್ಟುಬಿಟ್ಟರೆ ಅವರಿಂದ ನಡೆಸಲೂ ಆಗುವುದಿಲ್ಲ, ನಿಮಗೆ ಬಿಡಿಸಿಕೊಳ್ಳಲೂ ಆಗುವುದಿಲ್ಲ.

ಪಕ್ಕದ ಪ್ರದೇಶಕ್ಕೆ ಬೇರೆ ಮಾತು: ಮೊದಲ ಅವಕಾಶ. ಭಾಂಡುಪ್‌ನಲ್ಲೋ ಘಾಟ್‌ಕೋಪರ್‌ನಲ್ಲೋ ಯಾರನ್ನಾದರೂ ನೇಮಿಸುವ ಮುಂಚೆ ಇವರಿಗೆ ಹೇಳುತ್ತೀರಿ. 21 ದಿನದೊಳಗೆ ಸೇಲ್ಸ್‌ಮನ್ ಯಾರು, ಟೆಂಪೋ ಯಾವ ದಿನ, ಮೊದಲ ಆರ್ಡರ್ ಎಷ್ಟು ಅಂತ ಬರೆದು ಕೊಟ್ಟರೆ ಅವರಿಗೆ. ಇಲ್ಲದಿದ್ದರೆ ನೀವು ಸ್ವತಂತ್ರರು. ದಿನದ ಮಿತಿ ಇಲ್ಲದ ಮೊದಲ ಅವಕಾಶ ಕೊಡಬೇಡಿ. ‘ನೋಡ್ತಾ ಇದ್ದೇನೆ ಅಕ್ಕಾ’ ಅಂತಲೇ ಆರು ತಿಂಗಳು ಕಳೆದು ಹೋಗುತ್ತದೆ.

ದರದ ಬಗ್ಗೆ ಕೈಯಲ್ಲಿರುವಷ್ಟೇ ಮಾತು

ಎರಡನೇ ಭಯ ದರದ್ದು. ಇಲ್ಲಿ ಜನ ಭರವಸೆಯ ಭರದಲ್ಲಿ ಜಾಸ್ತಿ ಮಾತು ಕೊಟ್ಟುಬಿಡುತ್ತಾರೆ: ‘ಬೇರೆ ಯಾರೂ 80ಕ್ಕಿಂತ ಕಡಿಮೆಗೆ ಹಾಕದ ಹಾಗೆ ನಾನು ನೋಡಿಕೊಳ್ಳುತ್ತೇನೆ.’ ಇದನ್ನು ಹೇಳಬೇಡಿ. ಪೌಚ್ ಮೇಲಿನ ಎಮ್‌ಆರ್‌ಪಿ ಮೇಲಿನ ಮಿತಿ ಮಾತ್ರ. ನಿಮ್ಮಿಂದ ಕೊಂಡವರು ಎಷ್ಟಕ್ಕಿಂತ ಕಡಿಮೆಗೆ ಮಾರಬಾರದು ಅಂತ ಕಟ್ಟು ಹಾಕುವುದು 2002ರ ಸ್ಪರ್ಧಾ ಕಾಯ್ದೆಯ ಕಣ್ಣಿಗೆ ಬೀಳುವ ವಿಷಯ. ಡೀಲರುಗಳು ಕೊಡುವ ರಿಯಾಯಿತಿಗೆ ಮಿತಿ ಹಾಕಿದ್ದಕ್ಕೆ 2021ರಲ್ಲಿ ಸ್ಪರ್ಧಾ ಆಯೋಗ ಮಾರುತಿ ಸುಜುಕಿಗೆ 200 ಕೋಟಿ ದಂಡ ವಿಧಿಸಿತು. ಕಂಪನಿ ಮೇಲ್ಮನವಿಗೆ ಹೋಯಿತು. ಚಟ್ನಿಪುಡಿಯ ಸಣ್ಣ ಘಟಕದ ಮನೆಬಾಗಿಲಿಗೆ ಆಯೋಗ ಬರುವುದಿಲ್ಲ, ಸರಿ. ಮಾರುಕಟ್ಟೆಯ ಮೇಲೆ ಗಣನೀಯ ಪರಿಣಾಮ ಇದೆಯಾ ಅಂತಲೂ ಅವರು ನೋಡುತ್ತಾರೆ. ಆದರೆ ನಡೆಸಲಾಗದ ಮಾತನ್ನು ಕಾಗದದಲ್ಲಿ ಯಾಕೆ ಬರೆಯಬೇಕು?

ನಿಮ್ಮ ಕೈಯಲ್ಲಿರುವುದು ನಿಮ್ಮ ಬಿಲ್ ದರ. ‘ಇದೇ ಪ್ರಮಾಣದ ಆರ್ಡರಿಗೆ ಮುಂಬೈ ಕಡೆಯ ಬೇರೆ ಯಾವ ಡಿಸ್ಟ್ರಿಬ್ಯೂಟರಿಗೂ ನಿಮಗಿಂತ ಕಡಿಮೆ ದರ ಹಾಕುವುದಿಲ್ಲ, ಸ್ಕೀಮ್ ಕೊಟ್ಟರೆ ಎಲ್ಲರಿಗೂ ಒಂದೇ ದಿನ ಕೊಡುತ್ತೇವೆ’ ಅನ್ನಬಹುದು. ನಿಮ್ಮದೇ ಆನ್‌ಲೈನ್ ಲಿಸ್ಟಿಂಗ್‌ನಲ್ಲಿ ನೀವೇ ಕೊಡುವ ರಿಯಾಯಿತಿಗೂ ಒಂದು ಮಿತಿ ಹೇಳಬಹುದು. ಅಂಗಡಿಯವನು ಮೊಬೈಲ್ ತೆಗೆದು ‘ನೋಡಿ, ಇಲ್ಲಿ ಎಷ್ಟು ಕಡಿಮೆ ಇದೆ’ ಅಂತ ಸೇಲ್ಸ್‌ಮನ್‌ಗೆ ತೋರಿಸುವುದು ದಿನಾ ನಡೆಯುವ ಮಾತು. ತಾಣದವರು ತಮ್ಮ ಜೇಬಿನಿಂದ ಕೊಡುವ ರಿಯಾಯಿತಿ ನಿಮ್ಮ ಕೈಯಲ್ಲಿಲ್ಲ, ಅದನ್ನೂ ಮೊದಲೇ ಹೇಳಿಬಿಡಿ.

ಇನ್ನು ಸೋರಿಕೆ. ಪುಣೆಯ ಡಿಸ್ಟ್ರಿಬ್ಯೂಟರಿಗೆ ದೀಪಾವಳಿ ಸ್ಕೀಮಿನಲ್ಲಿ ಜಾಸ್ತಿ ಮಾಲು ಹೋಯಿತು. ಅದು ಅಲ್ಲಿ ಖಾಲಿಯಾಗದೆ ಯಾರದೋ ಟೆಂಪೋ ಹತ್ತಿ ಥಾಣೆಗೆ ಬಂತು. ಮುಲುಂಡ್‌ನವರು ನಿಮ್ಮ ಮೇಲೆ ಸಿಟ್ಟಾಗುತ್ತಾರೆ, ನೀವು ‘ನಾನು ಕೊಟ್ಟೇ ಇಲ್ಲ’ ಅನ್ನುತ್ತೀರಿ. ಯಾರು ನಂಬುತ್ತಾರೆ? ಇದಕ್ಕೆ ಮದ್ದು ಬ್ಯಾಚ್ ನಂಬರಿನಲ್ಲಿದೆ. ಬ್ಯಾಚ್ ನಂಬರ್ ಹೇಗೂ ಪೌಚ್ ಮೇಲೆ ಇರಲೇಬೇಕು. ಅದರ ಕೊನೆಗೆ ಒಂದು ಅಕ್ಷರ ಸೇರಿಸಿ, ಪುಣೆಗೆ ಒಂದು, ಮುಲುಂಡ್‌ಗೆ ಒಂದು. ಪೆಟ್ಟಿಗೆಯ ಮೇಲೆ ಮಾತ್ರ ಗುರುತು ಹಾಕಿದರೆ ಪ್ರಯೋಜನವಿಲ್ಲ, ಪೆಟ್ಟಿಗೆ ಅಂಗಡಿಯ ಬಾಗಿಲಲ್ಲೇ ಕಳಚಿ ಹೋಗುತ್ತದೆ. ಗುರುತು ಪೌಚ್ ಮೇಲೆಯೇ ಬೇಕು. ಅಕ್ಷರ ಬದಲಿಸಿದಾಗ ಯಾವ ಅಕ್ಷರ ಯಾರಿಗೆ ಅಂತ ಒಂದು ವಹಿಯಲ್ಲಿ ಬರೆದಿಡಿ. ತಕರಾರು ಬಂದಾಗ ಡಿಸ್ಟ್ರಿಬ್ಯೂಟರ್ ಪೌಚಿನ ಫೋಟೋ ಕಳಿಸಲಿ, ಏಳು ದಿನದೊಳಗೆ ಉತ್ತರ ಕೊಡುತ್ತೇನೆ ಅನ್ನಿ. ಈ ಏರ್ಪಾಡು ಇದೆ ಅಂತ ಗೊತ್ತಾದರೆ ಪುಣೆಯವರೂ ಹುಷಾರಾಗುತ್ತಾರೆ.

ಬಿಡುವ ದಿನದ ಮಾತು

ಮೂರನೇ ಭಯಕ್ಕೆ ನೋಟಿಸ್. ಎರಡೂ ಕಡೆಯಿಂದ 60 ದಿನದ ನೋಟಿಸ್ ಇರಲಿ. ವ್ಯವಹಾರ ಮುಗಿದರೆ, ಅರ್ಧಕ್ಕಿಂತ ಜಾಸ್ತಿ ಆಯುಸ್ಸು ಉಳಿದ, ಪೆಟ್ಟಿಗೆ ಒಡೆಯದ ಮಾಲನ್ನು ಬಿಲ್ ದರಕ್ಕೆ ವಾಪಸ್ ತೆಗೆದುಕೊಳ್ಳುತ್ತೇವೆ ಅಂತ ಬರೆಯಿರಿ. ಹದಿನೈದು ದಿನದ ಸ್ಟಾಕ್ ಇಟ್ಟುಕೊಂಡರೆ ಅದು ಅರವತ್ತೈದು ಸಾವಿರದ ಆಚೀಚೆ. ಆ ಮಾಲು ಪುಣೆಯಲ್ಲಿ ನಿಮಗೆ ಮಾರಿ ಹೋಗುತ್ತದೆ. ಅವರಿಗೆ ಮಾತ್ರ ಅದು ದೊಡ್ಡ ಧೈರ್ಯ.

ಕಾನೂನಿನ ಬಗ್ಗೆ ಒಂದೇ ವಿಷಯ ಗೊತ್ತಿರಬೇಕು. 1872ರ ಕರಾರು ಕಾಯ್ದೆಯ 27ನೇ ಕಲಂ ವ್ಯಾಪಾರಕ್ಕೆ ಅಡ್ಡಿ ಮಾಡುವ ಕರಾರು ಅನೂರ್ಜಿತ ಅನ್ನುತ್ತದೆ. ಇದನ್ನು ಕೇಳಿದವರು ‘ಏಕೈಕ ಹಕ್ಕು ಬರೆದುಕೊಟ್ಟರೂ ಕೋರ್ಟಿನಲ್ಲಿ ನಿಲ್ಲಲ್ಲ ಬಿಡಿ’ ಅಂತ ಧೈರ್ಯ ಹೇಳುತ್ತಾರೆ. ಅದು ತಪ್ಪು. ಕರಾರು ನಡೆಯುತ್ತಿರುವ ಅವಧಿಯಲ್ಲಿ ‘ಬೇರೆಯವರ ಜೊತೆ ವ್ಯವಹಾರ ಮಾಡಲ್ಲ’ ಅನ್ನುವ ಷರತ್ತು ಸಾಮಾನ್ಯವಾಗಿ ನಿಲ್ಲುತ್ತದೆ. 1995ರಲ್ಲಿ ಗುಜರಾತ್ ಬಾಟ್ಲಿಂಗ್ ಮತ್ತು ಕೋಕಾ-ಕೋಲಾ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಮೂರು ವರ್ಷ ಅಂತ ಸಹಿ ಹಾಕಿದರೆ ಮೂರು ವರ್ಷ ಅಂತಲೇ ತಿಳಿಯಿರಿ. ದೊಡ್ಡ ಮೊತ್ತದ ಕಾಗದವಾದರೆ ವಕೀಲರಿಗೆ ತೋರಿಸಿ.

ವಾಟ್ಸ್ಆಪ್ ಕೂಡ ಕಾಗದವೇ. ‘ಸದ್ಯಕ್ಕೆ ಮುಂಬೈಗೆ ನೀವೊಬ್ಬರೇ ಅಣ್ಣಾ’ ಅಂತ ಪ್ರೀತಿಯಿಂದ ಕಳಿಸಿದ ಸಾಲು ಎರಡು ವರ್ಷದ ನಂತರ ಎದುರು ಬಂದು ನಿಲ್ಲಬಹುದು. ‘ಈಗ ಒಬ್ಬರೇ ಇರುವುದು’ ಬೇರೆ, ‘ಒಬ್ಬರಿಗೇ ಕೊಡುತ್ತೇವೆ ಅಂತ ಮಾತು ಕೊಟ್ಟಿರುವುದು’ ಬೇರೆ. ಎರಡೂ ಒಂದೇ ಅನ್ನಿಸುವ ಹಾಗೆ ಬರೆಯಬೇಡಿ. ಇನ್ನೊಂದು ಸಾಲು ಕಾಗದದಲ್ಲಿ ಇರಲಿ: ಬ್ರ್ಯಾಂಡ್ ಹೆಸರಿನ ಟ್ರೇಡ್‌ಮಾರ್ಕ್‌ಗೆ ಡಿಸ್ಟ್ರಿಬ್ಯೂಟರ್ ಅರ್ಜಿ ಹಾಕುವಂತಿಲ್ಲ.

ಹೇಗೆ ಹೇಳುವುದು

‘ಕಂಪನಿ ಪಾಲಿಸಿ’ ಅನ್ನಬೇಡಿ. ಗಂಡ-ಹೆಂಡತಿ, ಇಬ್ಬರು ಹೆಣ್ಣಾಳು ಇರುವ ಘಟಕಕ್ಕೆ ಪಾಲಿಸಿ ಅಂದರೆ ಅವರಿಗೆ ನಗು ಬರುತ್ತದೆ. ‘ಮನೆಯವರು ಒಪ್ತಿಲ್ಲ’ ಅನ್ನುವುದಂತೂ ಬೇಡವೇ ಬೇಡ. ಸಂಜೆಯೊಳಗೆ ಮನೆಯವರಿಗೇ ಫೋನ್ ಹೋಗುತ್ತದೆ. ‘ಯೋಚಿಸಿ ಹೇಳ್ತೀನಿ’ ಅಂತ ಎಳೆಯುವುದೂ ಬೇಡ. ಅವರು ಅದನ್ನು ಅರ್ಧ ಒಪ್ಪಿಗೆ ಅಂತ ತಿಳಿದು ನಾಲ್ಕು ಅಂಗಡಿಗೆ ಹೇಳಿಕೊಂಡು ಬಂದಿರುತ್ತಾರೆ. ಇಲ್ಲ ಅನ್ನುವುದನ್ನು ಮೊದಲೇ, ಒಂದೇ ಸಾಲಿನಲ್ಲಿ ಹೇಳಿ. ಅದರ ಬೆನ್ನಿಗೇ ಏನು ಕೊಡಬಲ್ಲಿರಿ ಅಂತ ಹೇಳಿ. ಮೊದಲು ಫೋನಿನಲ್ಲಿ, ಅದೇ ದಿನ ಬರವಣಿಗೆಯಲ್ಲಿ. ಹೆಚ್ಚುಕಡಿಮೆ ಹೀಗೆ:

> ಅಣ್ಣಾ, ನಮಸ್ಕಾರ. ಬೆಳಿಗ್ಗೆ ಮಾತಾಡಿದ್ದನ್ನೇ ಬರೆದು ಕಳಿಸುತ್ತಿದ್ದೇನೆ. ಮುಂಬೈ, ಥಾಣೆ, ನವಿ ಮುಂಬೈ ಪೂರಾ ಒಬ್ಬರಿಗೇ ಕೊಡಲು ನಮಗೆ ಆಗುವುದಿಲ್ಲ. ಮಾಟುಂಗಾದಲ್ಲಿ ನಮ್ಮ ಹಳೆಯ ಅಂಗಡಿಗಳಿವೆ, ಆನ್‌ಲೈನ್ ಇದೆ, ಹೋಟೆಲ್ ಪ್ಯಾಕ್ ಶುರು ಮಾಡುವವರಿದ್ದೇವೆ.
>
> ನೀವು ಹಾಕುವ ಶ್ರಮ ಬೇರೆಯವರ ಪಾಲಾಗಬಾರದು ಅನ್ನುವ ನಿಮ್ಮ ಮಾತು ಸರಿ. ಅದಕ್ಕೆ ನಾವು ಕೊಡಬಲ್ಲದ್ದು ಇದು. ನೀವು ತೆರೆದು ಬಿಲ್ ಮಾಡುತ್ತಿರುವ ಅಂಗಡಿಗೆ ನಾವಾಗಲಿ ಬೇರೆಯವರಾಗಲಿ ಮಾಲು ಕೊಡುವುದಿಲ್ಲ. ಜೊತೆಗಿರುವ ಪಿನ್‌ಕೋಡ್‌ಗಳಲ್ಲಿ ಆರು ತಿಂಗಳು ಕಿರಾಣಿ ಅಂಗಡಿಗಳಿಗೆ ಇನ್ನೊಬ್ಬ ಡಿಸ್ಟ್ರಿಬ್ಯೂಟರನ್ನು ನೇಮಿಸುವುದಿಲ್ಲ. ಆರು ತಿಂಗಳಿಗೆ ಚಾಲ್ತಿಯಲ್ಲಿರುವ 100 ಅಂಗಡಿ ಆದರೆ ಇನ್ನೂ ಆರು ತಿಂಗಳು ಮುಂದುವರಿಸುತ್ತೇವೆ. ಭಾಂಡುಪ್‌ನಿಂದ ಘಾಟ್‌ಕೋಪರ್‌ವರೆಗೆ ಯಾರಿಗಾದರೂ ಕೊಡುವ ಮೊದಲು ನಿಮ್ಮನ್ನು ಕೇಳುತ್ತೇವೆ, 21 ದಿನದಲ್ಲಿ ತಿಳಿಸಬೇಕು. ಬಿಡುವುದಾದರೆ 60 ದಿನ ಮೊದಲೇ ಹೇಳುತ್ತೇವೆ, ಒಳ್ಳೆಯ ಮಾಲು ವಾಪಸ್ ತೆಗೆದುಕೊಳ್ಳುತ್ತೇವೆ.
>
> ನಿಮ್ಮಿಂದ ಬೇಕಿರುವುದು ತಿಂಗಳಿಗೊಮ್ಮೆ ಅಂಗಡಿವಾರು ಬಿಲ್ ಪಟ್ಟಿ ಮತ್ತು 30 ದಿನದಲ್ಲಿ ಪೇಮೆಂಟ್. ಒಪ್ಪಿಗೆಯಾದರೆ ಶನಿವಾರ ಮುಲುಂಡ್‌ಗೆ ಬರುತ್ತೇನೆ, ಒಂದು ದಿನ ನಿಮ್ಮ ಸೇಲ್ಸ್‌ಮನ್ ಜೊತೆ ಬೀಟ್ ಸುತ್ತುತ್ತೇನೆ.

100 ಎಲ್ಲಿಂದ ಬಂತು? 70 ಅವರು ನಷ್ಟದಿಂದ ಹೊರಬರುವ ಸಂಖ್ಯೆ, 150 ಈಗಿನ ಇಬ್ಬರು ಸೇಲ್ಸ್‌ಮನ್‌ಗಳಿಂದ ಆಗಬಹುದಾದ ಗರಿಷ್ಠ. ನಡುವೆ ಒಂದು ಸಂಖ್ಯೆ. ರೂಪಾಯಿಯಲ್ಲಿ ಗುರಿ ಇಟ್ಟರೆ ಗೋಡೌನ್ ತುಂಬಿಸಿ ಮುಟ್ಟಬಹುದು, ಅಂಗಡಿ ಸಂಖ್ಯೆಯನ್ನು ಹಾಗೆ ಮುಟ್ಟುವುದು ಕಷ್ಟ. ಆದರೂ ಸುಳ್ಳು ಪಟ್ಟಿ ಬರಬಹುದು. ತಿಂಗಳಿಗೆ ಹತ್ತು ಅಂಗಡಿಗೆ ಫೋನ್ ಮಾಡಿ ಅಥವಾ ಹೋಗಿ ನೋಡಿದರೆ ಗೊತ್ತಾಗುತ್ತದೆ.

ಪೇಮೆಂಟಿನ ಬಗ್ಗೆ ಒಂದು ಮಾತು. ನಿಮ್ಮದು ಉದ್ಯಮ್ ನೋಂದಣಿ ಆದ ಸಣ್ಣ ಘಟಕವಾದರೆ, 2006ರ ಎಂಎಸ್ಎಂಇಡಿ ಕಾಯ್ದೆಯ ಪ್ರಕಾರ ಕರಾರಿನಲ್ಲಿ ಎಷ್ಟೇ ಬರೆದಿದ್ದರೂ 45 ದಿನಕ್ಕಿಂತ ಜಾಸ್ತಿ ಗಡುವು ಇರುವಂತಿಲ್ಲ. ‘ಎಕ್ಸ್‌ಕ್ಲೂಸಿವ್ ಬೇಡ, ಹಾಗಾದರೆ 60 ದಿನದ ಉದ್ರಿ ಕೊಡಿ’ ಅಂತ ಅವರು ಕೇಳಿದರೆ ಇದು ನೆನಪಿರಲಿ.

ಅವರು ತಿರುಗಿ ಕೇಳುವುದು

ಉದ್ರಿ ಬಿಟ್ಟರೆ ಬರುವ ಮುಂದಿನ ಮಾತು ಮಾರ್ಜಿನ್. “ಸರಿ ಅಕ್ಕಾ, ಪೂರಾ ಕೊಡುವುದಿಲ್ಲ ಅಂದರೆ ಎರಡು ಪರ್ಸೆಂಟ್ ಜಾಸ್ತಿ ಕೊಡಿ.” ಸಣ್ಣ ಮಾತು ಅನ್ನಿಸುತ್ತದೆ. 80 ರೂಪಾಯಿಗೆ ಎರಡು ಪರ್ಸೆಂಟ್ ಅಂದರೆ ಪೌಚಿಗೆ 1.60. 1,800 ಪೌಚಿಗೆ ತಿಂಗಳಿಗೆ 2,880, ವರ್ಷಕ್ಕೆ 34,560. ಒಮ್ಮೆ ಕೊಟ್ಟ ಮಾರ್ಜಿನ್ ಹಿಂದಕ್ಕೆ ಬರುವುದಿಲ್ಲ. ಪುಣೆಯವರಿಗೆ ಗೊತ್ತಾದರೆ ಅವರೂ ಕೇಳುತ್ತಾರೆ.

ಇದಕ್ಕಿಂತ ಅಂಗಡಿ ತೆರೆದಿದ್ದಕ್ಕೆ ಒಂದು ಸಲ ಕೊಡಿ. ಹೊಸ ಅಂಗಡಿ ಮೂರನೇ ಸಲ ಮಾಲು ತೆಗೆದುಕೊಂಡಾಗ 50 ರೂಪಾಯಿ, ಬೇಕಿದ್ದರೆ ಅರ್ಧ ಸೇಲ್ಸ್‌ಮನ್‌ಗೆ ಹೋಗಲಿ. 150 ಅಂಗಡಿ ಆದರೂ ಒಟ್ಟು 7,500, ಅಲ್ಲಿಗೆ ಮುಗಿಯಿತು. ಮೊದಲ ಬಿಲ್ಲಿಗೇ ಕೊಡಬೇಡಿ. ಸೇಲ್ಸ್‌ಮನ್ ಕೈಕಾಲು ಹಿಡಿದು ಮೂರು ಪೌಚ್ ಇಟ್ಟು ಬಂದ ಅಂಗಡಿ ಮತ್ತೆ ಕೇಳುವುದಿಲ್ಲ. ಮೂರನೇ ಸಲ ಕೇಳಿದ ಅಂಗಡಿಯಲ್ಲಿ ಪುಡಿ ಜನರಿಗೆ ಹಿಡಿಸಿದೆ ಅಂತ ಅರ್ಥ. ಅವರ ಕೈಯಿಂದ ಹಣ ಹೋಗುವುದೂ ಇದೇ ಮೊದಲ ತಿಂಗಳುಗಳಲ್ಲಿ, ಹಾಗಾಗಿ ಬೇಕಾದ ಹೊತ್ತಿಗೇ ಸಿಗುತ್ತದೆ.

ಕೆಲವರು ‘ಒಂದು ಪ್ಯಾಕ್ ಆದರೂ ನನಗೆ ಮಾತ್ರ ಮಾಡಿಕೊಡಿ’ ಅನ್ನುತ್ತಾರೆ. ಹೊಸ ಅಳತೆಯ ಪ್ಯಾಕ್ ಅಂದರೆ ಮುದ್ರಿತ ರೋಲ್ ಬೇಕು, ಅದಕ್ಕೆ ಮುದ್ರಣದ ಸಿಲಿಂಡರ್ ಖರ್ಚು, ಕನಿಷ್ಠ ಇಷ್ಟು ಕಿಲೋ ಅನ್ನುವ ಷರತ್ತು. ಆ ರೋಲ್ ಖಾಲಿಯಾಗುವ ಮುಂಚೆ ಅವರು ಬಿಟ್ಟರೆ ರೋಲ್ ನಿಮ್ಮ ಮೂಲೆಯಲ್ಲಿ. ಮಾಡುವುದಾದರೆ ಸಾದಾ ಪೌಚಿಗೆ ಸ್ಟಿಕರ್ ಹಚ್ಚಿ ಶುರು ಮಾಡಿ.

ಪ್ರದೇಶ ಪೂರಾ ಕೊಡುವುದು ಸರಿ ಅನ್ನಿಸುವ ಸಂದರ್ಭಗಳೂ ಇವೆ. ದೋಸೆ ಹಿಟ್ಟಿನಂಥ ತಂಪಿನಲ್ಲೇ ಇರಬೇಕಾದ ಮಾಲಿಗೆ ಡಿಸ್ಟ್ರಿಬ್ಯೂಟರ್ ತಾನೇ ಶೀತಲ ಗಾಡಿ ಕೊಂಡು ಓಡಿಸುತ್ತೇನೆ ಅಂದರೆ, ಆ ಗಾಡಿಯ ಕಂತು ತೀರುವಷ್ಟು ಕಾಲ, ಆ ಗಾಡಿ ಓಡುವ ದಾರಿಯ ಮಟ್ಟಿಗೆ ಏಕೈಕ ಹಕ್ಕು ಕೇಳುವುದು ನ್ಯಾಯ. ಚಟ್ನಿಪುಡಿಗೆ ಅಂಥ ಬಂಡವಾಳ ಯಾರೂ ಹಾಕುವುದಿಲ್ಲ.

ಆರನೇ ತಿಂಗಳ ಕೊನೆಗೆ ಪಟ್ಟಿ ತೆರೆದು ನೋಡಿ. ಚಾಲ್ತಿ ಅಂಗಡಿ 112 ಇದ್ದರೆ ಮಾತಿನ ಪ್ರಕಾರ ಮುಂದುವರಿಸಿ. 60 ಇದ್ದರೆ ಎಲ್ಲಿ ಇವೆ ಅಂತ ಪಿನ್‌ಕೋಡ್ ಪ್ರಕಾರ ಎಣಿಸಿ. ಮುಲುಂಡ್, ಥಾಣೆಯಲ್ಲೇ 55, ಡೊಂಬಿವಲಿಯಲ್ಲಿ ಬರೀ 5 ಇದ್ದರೆ, ಮುಲುಂಡ್ ಮತ್ತು ಥಾಣೆ ಅವರ ಹತ್ತಿರವೇ ಇರಲಿ, ಡೊಂಬಿವಲಿಗೆ ಬೇರೆಯವರನ್ನು ಹುಡುಕುತ್ತೇವೆ ಅಂತ ತಿಳಿಸಿ. ಡೊಂಬಿವಲಿಯ ಆ ಐದು ಅಂಗಡಿಗಳು ಬಿಲ್ ಆಗುತ್ತಿರುವವರೆಗೂ ಅವರವೇ. ಹೊಸಬರಿಗೆ ಆ ಐದು ಹೆಸರುಗಳನ್ನು ಮೊದಲ ದಿನವೇ ಬರೆದುಕೊಡಿ.